ಒವನ್‌ನಲ್ಲಿ ಸ್ಪಂಜ್ ಕೇಕ್: ಮೇಲಿನ ಉರಿ, ಕೆಳಗಿನ ಉರಿ, ಬೆಂದ ಗುರುತು ಮತ್ತು ಕುಸಿತದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಯಾವ ಬಗೆಯ ಸ್ಪಂಜ್ ಕೇಕ್‌ಗೆ ಅನ್ವಯಿಸುತ್ತದೆ?

ಇಡೀ ಮೊಟ್ಟೆಯನ್ನು ಸಕ್ಕರೆಯೊಂದಿಗೆ ಚೆನ್ನಾಗಿ ನೊರೆ ಬರುವಂತೆ ಬೀಟ್ ಮಾಡಿ, ಅದಕ್ಕೆ ಜರಡಿ ಹಿಡಿದ ಮೈದಾವನ್ನು ಹಗುರವಾಗಿ ಬೆರೆಸಿ ಮಾಡುವ ಸ್ಪಂಜ್ ಕೇಕ್‌ಗೆ. ಉತ್ತರಗಳೆಲ್ಲ ಒಂದೇ ಅಳತೆಯನ್ನು ಆಧರಿಸಿರಲಿ ಎಂಬ ಕಾರಣಕ್ಕೆ ಒಂದು ಕೇಕನ್ನು ಗೊತ್ತುಮಾಡಿಕೊಳ್ಳೋಣ: ನಾಲ್ಕು ಮೊಟ್ಟೆ (ಚಿಪ್ಪು ತೆಗೆದು ಸುಮಾರು 200 ಗ್ರಾಂ), 120 ಗ್ರಾಂ ಸಕ್ಕರೆ, 120 ಗ್ರಾಂ ಮೈದಾ, ಕರಗಿಸಿದ 30 ಗ್ರಾಂ ಬೆಣ್ಣೆ ಮತ್ತು 20 ಸೆಂಟಿಮೀಟರ್ ಅಗಲದ ದುಂಡನೆಯ ಟಿನ್. ಮೇಲಿನ ಮತ್ತು ಕೆಳಗಿನ ಎರಡೂ ರಾಡ್‌ಗಳನ್ನು ಹಚ್ಚಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಈ ಕೇಕ್ ಸಾಮಾನ್ಯವಾಗಿ 30ರಿಂದ 35 ನಿಮಿಷಗಳಲ್ಲಿ ಬೇಯುತ್ತದೆ. ಬೆಣ್ಣೆಯನ್ನೇ ಹೆಚ್ಚಾಗಿ ಹಾಕಿ ಮಾಡುವ ಭಾರವಾದ ಕೇಕ್‌ಗಳ ನಡವಳಿಕೆ ಬೇರೆ. ಅವುಗಳ ವಿಚಾರ ಇಲ್ಲಿಲ್ಲ.

ಈ ಅಳತೆಯಲ್ಲಿ ಬೇಕಿಂಗ್ ಪೌಡರ್ ಇಲ್ಲ. ಹಾಗಾದರೆ ಕೇಕ್ ಉಬ್ಬುವುದು ಹೇಗೆ?

ಮೊಟ್ಟೆಯ ನೊರೆಯಲ್ಲಿ ಸೇರಿಕೊಂಡಿರುವ ಗಾಳಿಯಿಂದ ಮತ್ತು ಬಿಸಿಯಾದಾಗ ಏಳುವ ಹಬೆಯಿಂದ. ಕೋಣೆಯ ಬಿಸಿಯಲ್ಲಿದ್ದ ಗಾಳಿ ಕೇಕಿನ ನಡುವಿನ ಬಿಸಿಯನ್ನು ಮುಟ್ಟುವ ಹೊತ್ತಿಗೆ ಸುಮಾರು ಕಾಲು ಪಾಲಿನಷ್ಟು ಹಿಗ್ಗುತ್ತದೆ. ಅದಕ್ಕೂ ಮೀರಿದ ಉಬ್ಬನ್ನು ಗುಳ್ಳೆಗಳೊಳಗೆ ತುಂಬಿಕೊಳ್ಳುವ ಹಬೆ ಕೊಡುತ್ತದೆ.

ಮುಂದಿನ ಉತ್ತರಗಳೆಲ್ಲ ಇದನ್ನೇ ನೆಚ್ಚಿಕೊಂಡಿರುವುದರಿಂದ ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಸಿ ಮಿಶ್ರಣದಲ್ಲಿ ಪ್ರತಿಯೊಂದು ಗುಳ್ಳೆಯೂ ಬಾಯಿ ಮುಚ್ಚಿದ ಪುಟ್ಟ ಬಲೂನಿನಂತೆ ಬೇರೆ ಬೇರೆಯಾಗಿಯೇ ಇರುತ್ತದೆ. ಬಿಸಿ ಏರುತ್ತ ಹೋದಂತೆ ಗುಳ್ಳೆಗಳು ಹಿಗ್ಗುತ್ತವೆ. ಅದೇ ಹೊತ್ತಿಗೆ ಅವುಗಳ ಗೋಡೆಯಲ್ಲಿರುವ ಮೊಟ್ಟೆಯ ಪ್ರೋಟೀನು ಗಟ್ಟಿಯಾಗುತ್ತದೆ, ಮೈದಾದ ಪಿಷ್ಟ ನೀರು ಹೀರಿ ಬೇಯುತ್ತದೆ. ಸಕ್ಕರೆ ಈ ಎರಡೂ ಕೆಲಸಗಳನ್ನು ತಡಮಾಡುವುದರಿಂದ ನಡುಭಾಗ ಪೂರ್ತಿ ನಿಲ್ಲಬೇಕಾದರೆ ಅಲ್ಲಿನ ಬಿಸಿ 95 ಡಿಗ್ರಿಯ ಆಸುಪಾಸಿಗೆ ಬರಬೇಕಾಗುತ್ತದೆ. ಕೊನೆಯ ಹಂತದಲ್ಲಿ ಗಟ್ಟಿಯಾದ ಗೋಡೆಗಳು ಅಲ್ಲಲ್ಲಿ ಹರಿದು, ಗುಳ್ಳೆಗಳು ಒಂದಕ್ಕೊಂದು ಬಾಯಿ ತೆರೆದುಕೊಳ್ಳುತ್ತವೆ. ನೊರೆಯಾಗಿದ್ದದ್ದು ಸ್ಪಂಜಾಗುವುದು ಆ ಕ್ಷಣದಲ್ಲಿ. ಅದಾದ ಮೇಲೆ ಕೇಕ್ ತಣ್ಣಗಾದರೂ ಹೊರಗಿನ ಗಾಳಿ ಒಳಗೆ ಹೋಗಲು ದಾರಿ ಇರುತ್ತದೆ. ಅದಕ್ಕೆ ಮೊದಲೇ ತಣ್ಣಗಾದರೆ ಒಳಗಿನ ಹಬೆ ನೀರಾಗಿ, ಗಾಳಿ ಕುಗ್ಗಿ, ಇನ್ನೂ ಮೆತ್ತಗಿರುವ ಗೋಡೆಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಒವನ್ನನ್ನು ಎಷ್ಟು ಹೊತ್ತು ಮೊದಲೇ ಕಾಯಿಸಬೇಕು? ಒವನ್ ಕಾಯುತ್ತಿರುವುದನ್ನು ತೋರಿಸುವ ದೀಪ ಆರಿದ ಕೂಡಲೇ ಕೇಕ್ ಇಡಬಹುದೇ?

ಇಡಬಾರದು. ದೀಪ ಮೊದಲ ಸಲ ಆರುವಾಗ ಒಳಗಿನ ಗಾಳಿ ಮಾತ್ರ ಕಾದಿರುತ್ತದೆ, ಗೋಡೆಗಳು ಕಾದಿರುವುದಿಲ್ಲ. ಬಾಗಿಲು ತೆರೆದರೆ ಆ ಗಾಳಿ ಹೊರಟುಹೋಗುತ್ತದೆ. ರಾಡ್‌ಗಳು ಮತ್ತೆ ಕೆಂಪಗೆ ಉರಿಯತೊಡಗುತ್ತವೆ. ಹಸಿ ಮಿಶ್ರಣದ ಮೇಲ್ಮೈಗೆ ಆ ಉರಿ ನೇರವಾಗಿ ಬಡಿಯುತ್ತದೆ. ದೀಪ ಎರಡು ಮೂರು ಸಲ ಹತ್ತಿ ಆರುವವರೆಗೆ, ಅಂದರೆ 15ರಿಂದ 20 ನಿಮಿಷ, ಕಾಯುವುದು ಒಳ್ಳೆಯದು. ಮೈದಾ ಬೆರೆಸಿದ ಮೇಲೆ ಮಿಶ್ರಣವನ್ನು ಹಾಗೆಯೇ ಇಟ್ಟುಕೊಂಡಿರಬಾರದಾದ್ದರಿಂದ ಮೊಟ್ಟೆ ಒಡೆಯುವ ಮೊದಲೇ ಒವನ್ ಹಚ್ಚಿರಬೇಕು.

ಬಿಸಿಯನ್ನು ಹೊಂದಿಸಲು ತಿರುಗಿಸುವ ಗುಬ್ಬಿಯ ಮೇಲೆ ಬರೆದಿರುವ ಅಂಕಿಗೂ ಒಳಗಿನ ನಿಜವಾದ ಬಿಸಿಗೂ 20 ಡಿಗ್ರಿಯಷ್ಟು ಅಂತರವಿರುವುದು ಸಣ್ಣ ಒವನ್‌ಗಳಲ್ಲಿ ಅಪರೂಪವೇನಲ್ಲ. ಒವನ್ ಒಳಗೆ ಇಡುವ ಚಿಕ್ಕ ಥರ್ಮಾಮೀಟರನ್ನು ಕೇಕ್ ಕೂರುವ ಜಾಗದಲ್ಲೇ ಇಟ್ಟು ಅರ್ಧ ಗಂಟೆ ನೋಡಿದರೆ ನಿಮ್ಮ ಒವನ್‌ನ ಸ್ವಭಾವ ತಿಳಿಯುತ್ತದೆ. ಕೇಕ್ ಮಾಡುವವರು ಕೊಳ್ಳಬೇಕಾದ ಮೊದಲ ಉಪಕರಣ ಇದೇ ಎಂಬುದು ನನ್ನ ಅಭಿಪ್ರಾಯ. ಚೆಂದದ ಟಿನ್‌ಗಳು ಆಮೇಲೆ ಬರಲಿ.

ಮೇಲಿನ ರಾಡ್, ಕೆಳಗಿನ ರಾಡ್, ಎರಡೂ: ಇವುಗಳಲ್ಲಿ ಯಾವುದನ್ನು ಹಚ್ಚಬೇಕು?

ಎರಡನ್ನೂ ಹಚ್ಚುವುದು ಸಾಮಾನ್ಯ ನಿಯಮ. ಆದರೆ ಎರಡೂ ರಾಡ್‌ಗಳು ಮಾಡುವ ಕೆಲಸ ಒಂದೇ ಅಲ್ಲ. ಕೆಳಗಿನ ಉರಿ ಟಿನ್ನಿನ ತಳವನ್ನು ಕಾಯಿಸುತ್ತದೆ. ಆ ಬಿಸಿ ಲೋಹದ ಮೂಲಕ ಮಿಶ್ರಣಕ್ಕೆ ಸೇರಿ ಕೇಕನ್ನು ಕೆಳಗಿನಿಂದ ಎತ್ತುತ್ತದೆ. ಮೇಲಿನ ಉರಿ ಮೇಲ್ಮೈಯನ್ನು ಒಣಗಿಸಿ, ಚರ್ಮದಂತಹ ತೆಳು ಪದರವನ್ನು ಕಟ್ಟಿ, ಬಣ್ಣ ಕೊಡುತ್ತದೆ. ಒಳಗೆ ಕೇಕ್ ಇನ್ನೂ ಏಳುತ್ತಿರುವಾಗಲೇ ಮೇಲಿನ ಪದರ ಗಟ್ಟಿಯಾದರೆ ನಡುಭಾಗ ಗುಡ್ಡದಂತೆ ಎದ್ದು ಬಿರಿಯುತ್ತದೆ. ಅದಕ್ಕಿಂತಲೂ ತೊಂದರೆಯ ಸಂಗತಿ ಎಂದರೆ, ಹೊಂಬಣ್ಣ ಬಂದ ಮೇಲ್ಮೈ ನೋಡುವವರನ್ನು ಮೋಸಗೊಳಿಸುತ್ತದೆ: ಬಣ್ಣ ಬಂದಿರುವುದು ಮೇಲಿನ ರಾಡ್‌ನಿಂದ, ಒಳಗಿನ ಬೇಯುವಿಕೆಗೆ ಅದರಿಂದ ಹೆಚ್ಚಿನ ಸಹಾಯವಾಗಿರುವುದಿಲ್ಲ.

ಒವನ್ ದೊಡ್ಡದಾಗಿದ್ದು ಮೇಲಿನ ರಾಡ್ ದೂರದಲ್ಲಿದ್ದರೆ ಎರಡೂ ರಾಡ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಹಚ್ಚಿಡಬಹುದು. ಒವನ್ ಚಿಕ್ಕದಾಗಿದ್ದು, ಉಬ್ಬಿದ ಕೇಕಿಗೂ ಮೇಲಿನ ರಾಡ್‌ಗೂ ನಡುವೆ ಒಂದು ಅಂಗೈ ಅಗಲದ ಜಾಗವೂ ಉಳಿಯದಿದ್ದರೆ, ಎರಡರಿಂದಲೂ ಕಾಯಿಸಿ, ಕೇಕ್ ಇಟ್ಟ ಮೇಲೆ ಮೊದಲ 20 ನಿಮಿಷ ಕೆಳಗಿನ ರಾಡ್ ಮಾತ್ರ ಉರಿಯುವಂತೆ ತಿರುಗಿಸಿ, ಕೊನೆಯ 10ರಿಂದ 15 ನಿಮಿಷಕ್ಕೆ ಮತ್ತೆ ಎರಡನ್ನೂ ಹಚ್ಚಬೇಕು. ಕೆಳಗಿನ ರಾಡ್ ಒಂದರಲ್ಲೇ ಕೊನೆಯವರೆಗೂ ಬೇಯಿಸಿದರೆ ಮೇಲ್ಮೈ ಬಿಳಚಿಕೊಂಡು ಅಂಟಂಟಾಗಿ ಉಳಿಯುತ್ತದೆ, ತಳವಾದರೋ ಕಂದು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಮೇಲಿನ ರಾಡ್ ಒಂದನ್ನೇ ಹಚ್ಚಿ ಸ್ಪಂಜ್ ಬೇಯಿಸಲು ಆಗುವುದಿಲ್ಲ.

ಟಿನ್ ಯಾವ ಮಟ್ಟದಲ್ಲಿರಬೇಕು?

ಜಾಲರಿ ನಡುವೆ ಇರಬೇಕು ಎನ್ನುವುದಕ್ಕಿಂತ ಉಬ್ಬಿದ ಕೇಕ್ ನಡುವೆ ಇರಬೇಕು ಎಂದು ನೆನಪಿಟ್ಟುಕೊಳ್ಳುವುದು ಲೇಸು. ಟಿನ್ನಿಗೇ ಆರೇಳು ಸೆಂಟಿಮೀಟರ್ ಎತ್ತರವಿರುವುದರಿಂದ ಜಾಲರಿಯನ್ನು ನಡುಮಟ್ಟಕ್ಕಿಂತ ಒಂದು ಹಂತ ಕೆಳಗೆ ಕೂರಿಸಬೇಕಾಗುತ್ತದೆ. ಟಿನ್ನನ್ನು ತಂತಿಯ ಜಾಲರಿಯ ಮೇಲೆ ಇಡಬೇಕೇ ಹೊರತು ಅಗಲವಾದ ಟ್ರೇ ಮೇಲೆ ಇಡಬಾರದು. ಟ್ರೇ ಕೆಳಗಿನ ಉರಿಯನ್ನು ಅಡ್ಡಗಟ್ಟುತ್ತದೆ. ತಳ ಹಸಿಯಾಗಿಯೇ ಉಳಿದು ಮೇಲ್ಭಾಗ ಮಾತ್ರ ಕೆಂಪಾಗುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣವಾಗಿರುತ್ತದೆ. ಕಪ್ಪು ಬಣ್ಣದ ಟಿನ್ ಬಿಸಿಯನ್ನು ಹೆಚ್ಚು ಹೀರುವುದರಿಂದ ಅದಕ್ಕೆ 10 ಡಿಗ್ರಿ ಕಡಿಮೆ ಇಡುವುದು ಸರಿ.

ಫ್ಯಾನ್ ಹಾಕಬಹುದೇ?

ಹಾಕಬಹುದು, ಆದರೆ ಬಿಸಿಯನ್ನು 150 ಡಿಗ್ರಿಗೆ ಇಳಿಸಬೇಕು. ಬೀಸುವ ಬಿಸಿ ಗಾಳಿ ಮೇಲ್ಮೈಯನ್ನು ಬೇಗ ಒಣಗಿಸುತ್ತದೆ. ಆಯ್ಕೆ ಇದ್ದರೆ ಸ್ಪಂಜ್‌ಗೆ ಫ್ಯಾನ್ ಬೇಡ ಎನ್ನುತ್ತೇನೆ.

ಅರ್ಧ ಸಮಯಕ್ಕೇ ಮೇಲ್ಭಾಗ ಕಂದಾಗುತ್ತಿದೆ. ಏನು ಮಾಡಲಿ?

ಮೇಲಿನ ರಾಡನ್ನು ಮಾತ್ರ ನಂದಿಸುವ ಗುಬ್ಬಿ ಇದ್ದರೆ ಆ ರಾಡನ್ನು ನಂದಿಸಿ; ಬಾಗಿಲು ತೆರೆಯುವ ಅಗತ್ಯವೇ ಬರುವುದಿಲ್ಲ. ಇಲ್ಲದಿದ್ದರೆ ಸುಮಾರು 20 ನಿಮಿಷ ಕಳೆದು, ಅಂಚುಗಳು ನಿಂತಿರುವುದು ಗಾಜಿನಿಂದ ಕಾಣಿಸಿದ ಮೇಲೆ, ಅಲ್ಯೂಮಿನಿಯಂ ಹಾಳೆಯೊಂದನ್ನು ಟಿನ್ನಿನ ಮೇಲೆ ಗುಡಾರದಂತೆ ಸಡಿಲವಾಗಿ ಹೊದಿಸಿ. ಹಾಳೆ ಕೇಕಿಗೆ ತಾಗಿದರೆ ಮೇಲಿನ ಪದರ ಅದಕ್ಕೆ ಅಂಟಿಕೊಂಡು ಕಿತ್ತು ಬರುತ್ತದೆ. ಮುಂದಿನ ಸಲಕ್ಕೆ ಹಾಳೆಯನ್ನು ನೆಚ್ಚಿಕೊಳ್ಳದೆ ಜಾಲರಿಯನ್ನು ಒಂದು ಹಂತ ಇಳಿಸಿ.

ಬಾಗಿಲನ್ನು ಯಾವಾಗ ತೆರೆಯಬಹುದು?

ನಿಗದಿಯಾದ ಸಮಯದ ಮುಕ್ಕಾಲು ಭಾಗ ಕಳೆಯುವ ತನಕ ತೆರೆಯದಿರುವುದು ಒಳ್ಳೆಯದು. ನಮ್ಮ ಕೇಕಿಗೆ ಅದು ಸುಮಾರು 25 ನಿಮಿಷ. (ಹಾಳೆ ಹೊದಿಸಬೇಕಾಗಿ ಬಂದಾಗ ಮಾತ್ರ ಇದನ್ನು ಮೀರಬೇಕು, ಅದೂ ಕೆಲವೇ ಸೆಕೆಂಡುಗಳಿಗೆ.) ಆದರೆ ಕುಸಿದ ಪ್ರತಿಯೊಂದು ಕೇಕಿಗೂ ಬಾಗಿಲನ್ನೇ ದೂರುವ ರೂಢಿ ನ್ಯಾಯವಾದದ್ದಲ್ಲ. ಬಾಗಿಲು ತೆರೆಯದೆಯೂ ಕುಸಿದ ಕೇಕ್‌ಗಳೇ ಹೆಚ್ಚು. ಅವು ಬೇಯುವ ಮೊದಲೇ ಹೊರಗೆ ಬಂದಂಥವು.

ಟೂತ್‌ಪಿಕ್ ಸ್ವಚ್ಛವಾಗಿ ಬಂದಿತ್ತು. ಆದರೂ ಒಳಗೆ ಹಸಿಯಾಗಿತ್ತು. ಇದು ಹೇಗೆ ಸಾಧ್ಯ?

ಸ್ಪಂಜ್‌ನಲ್ಲಿ ಇದು ತೀರ ಸಾಧ್ಯ. ಟೂತ್‌ಪಿಕ್ ಹೇಳುವುದು ದ್ರವರೂಪದ ಹಿಟ್ಟು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಬೆಣ್ಣೆಯ ಕೇಕಿನಲ್ಲಿ ಹಿಟ್ಟು ದಟ್ಟವಾಗಿರುವುದರಿಂದ ಹಸಿ ಇದ್ದರೆ ಕಡ್ಡಿಗೆ ಮೆತ್ತಿಕೊಂಡು ಬರುತ್ತದೆ. ನೊರೆಯ ಸ್ಪಂಜ್‌ನಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ, ಗೋಡೆಗಳು ಅರ್ಧ ಬೆಂದು ಇನ್ನೂ ಮೆತ್ತಗಿರುವ ಹಂತದಲ್ಲಿಯೂ ಕಡ್ಡಿ ಹೆಚ್ಚುಕಡಿಮೆ ಒಣಗಿಯೇ ಹೊರಬರುತ್ತದೆ. ಆದ್ದರಿಂದ ಕಡ್ಡಿಗೆ ಹಸಿ ಅಂಟಿದರೆ ಬೆಂದಿಲ್ಲವೆಂದು ಖಂಡಿತವಾಗಿ ಹೇಳಬಹುದು. ಅಂಟದಿದ್ದರೆ ಬೆಂದಿದೆಯೆಂದು ಅಷ್ಟೇ ಖಂಡಿತವಾಗಿ ಹೇಳಲಾಗದು. ಕಡ್ಡಿಯನ್ನು ಅಂಚಿಗೆ ಚುಚ್ಚದೆ ನಟ್ಟನಡುವೆ, ತಳ ಮುಟ್ಟುವವರೆಗೆ ಚುಚ್ಚಬೇಕು. ನುಣುಪಾದ ಚಾಕುವಿಗಿಂತ ಒರಟು ಮರದ ಕಡ್ಡಿ ಹೆಚ್ಚು ನಂಬಿಕಸ್ಥ.

ಹಾಗಾದರೆ ಬೆಂದಿದೆಯೆಂದು ತಿಳಿಯಲು ಯಾವ ಪರೀಕ್ಷೆಯನ್ನು ನಂಬಬೇಕು?

ಬೆರಳಿನ ಪರೀಕ್ಷೆಯನ್ನು. ನಡುಭಾಗವನ್ನು ಬೆರಳ ತುದಿಯಿಂದ ಅರ್ಧ ಸೆಂಟಿಮೀಟರಿನಷ್ಟು ಮೆಲ್ಲಗೆ ಒತ್ತಿ ಬಿಟ್ಟಾಗ, ತಗ್ಗಿದ ಜಾಗ ಕೂಡಲೇ ಪೂರ್ತಿಯಾಗಿ ಮೇಲೆದ್ದು ಬರಬೇಕು. ಗುರುತು ಹಾಗೆಯೇ ಉಳಿದರೆ, ಅಥವಾ ನಿಧಾನವಾಗಿ ಅರ್ಧ ಮಾತ್ರ ಎದ್ದರೆ, ಇನ್ನೂ ಮೂರು ನಾಲ್ಕು ನಿಮಿಷ ಬೇಕು. ಇದು ಗೋಡೆಗಳ ಗಟ್ಟಿತನವನ್ನೇ ನೇರವಾಗಿ ಅಳೆಯುವ ಪರೀಕ್ಷೆ. ಕುಸಿತವನ್ನು ತಡೆಯುವುದೂ ಅದೇ ಗಟ್ಟಿತನ. ಒತ್ತುವಾಗ ಕಿವಿಯನ್ನೂ ಸ್ವಲ್ಪ ಹತ್ತಿರ ತಂದು ಆಲಿಸಿ. ಬೇಯದ ಸ್ಪಂಜ್‌ನಿಂದ ಸಣ್ಣ ಗುಳ್ಳೆಗಳು ಒಡೆಯುವ ಚಿಟಿಚಿಟಿ ಸದ್ದು ಜೋರಾಗಿಯೇ ಕೇಳಿಸುತ್ತದೆ. ಬೆಂದಂತೆ ಅದು ಅಡಗುತ್ತದೆ.

ಗಾಜಿನಿಂದ ಕಾಣುವ ಇನ್ನೊಂದು ಗುರುತಿದೆ. ಕೇಕ್ ಮೊದಲು ಗುಮ್ಮಟದಂತೆ ಎದ್ದು, ಬೇಯುವ ಕೊನೆಯ ಹಂತದಲ್ಲಿ ತುಸು ತಗ್ಗಿ ಮಟ್ಟಸವಾಗುತ್ತದೆ. ಇದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ, ಆದರೆ ಇದು ಕುಸಿತವಲ್ಲ. ಗುಳ್ಳೆಗಳು ಬಾಯಿ ತೆರೆದುಕೊಂಡು ಹೆಚ್ಚುವರಿ ಹಬೆ ಹೊರಗೆ ಹೋಗುತ್ತಿರುವ ಲಕ್ಷಣ. ಕೇಕ್ ಅಂಚಿನಿಂದ ಬಿಟ್ಟುಕೊಳ್ಳುವುದನ್ನು ಸಹ ಗುರುತೆಂದು ಹೇಳುವುದುಂಟು. ಟಿನ್ನಿನ ಗೋಡೆಗೆ ಬೆಣ್ಣೆ ಸವರಿ ಮೈದಾ ಉದುರಿಸಿದ್ದರೆ ಅದು ನಿಜ. ಗೋಡೆಗೆ ಏನನ್ನೂ ಸವರದಿದ್ದರೆ ಕೇಕ್ ಅಲ್ಲಿಗೆ ಅಂಟಿಕೊಂಡಿರುವುದರಿಂದ ಎಷ್ಟು ಬೆಂದರೂ ಬಿಟ್ಟುಕೊಳ್ಳುವುದಿಲ್ಲ.

ಚುಚ್ಚಿ ನೋಡುವ ಥರ್ಮಾಮೀಟರ್ ಇರುವವರಿಗೆ ಕೆಲಸ ಸುಲಭ: ನಟ್ಟನಡುವೆ 96ರಿಂದ 98 ಡಿಗ್ರಿ ತೋರಿಸಿದರೆ ತೆಗೆಯಬಹುದು.

ಕೇಕ್ ಕುಸಿದದ್ದು ಏಕೆ ಎಂದು ಪತ್ತೆ ಮಾಡುವುದು ಹೇಗೆ?

ಯಾವಾಗ ಕುಸಿಯಿತು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ; ಆಮೇಲೆ ಕತ್ತರಿಸಿ ಒಳಗೆ ನೋಡಿ. ಕಾರಣಗಳ ಉದ್ದನೆಯ ಪಟ್ಟಿಗಿಂತ ಈ ಎರಡು ಸಂಗತಿಗಳು ಹೆಚ್ಚು ಹೇಳುತ್ತವೆ.

ಒವನ್ ಒಳಗಿರುವಾಗಲೇ, ಮೊದಲ 20 ನಿಮಿಷಗಳೊಳಗೆ ಏರಿ ಇಳಿದರೆ ದೋಷ ನೊರೆಯಲ್ಲಿರುತ್ತದೆ. ಮೊಟ್ಟೆ ಮತ್ತು ಸಕ್ಕರೆಯನ್ನು ಬಿಸಿನೀರಿನ ಮೇಲಿಟ್ಟು ಬೆಚ್ಚಗೆ, ಸುಮಾರು 40 ಡಿಗ್ರಿಗೆ ತಂದು, ಎಂಟು ಹತ್ತು ನಿಮಿಷ ಬೀಟ್ ಮಾಡಿದ ಮೇಲೆ, ಬೀಟರ್ ಎತ್ತಿದಾಗ ಸುರಿಯುವ ಮಿಶ್ರಣದ ಪಟ್ಟಿ ಮೇಲ್ಮೈಯಲ್ಲಿ ಕೆಲವು ಸೆಕೆಂಡು ಅಳಿಸದೆ ನಿಲ್ಲಬೇಕು. ಅಲ್ಲಿಗೆ ತಲುಪದ ನೊರೆಯಲ್ಲಿ ಗುಳ್ಳೆಗಳು ದೊಡ್ಡವಾಗಿದ್ದು ಬಿಸಿಗೆ ಒಂದರೊಳಗೊಂದು ಸೇರಿ ಒಡೆದುಹೋಗುತ್ತವೆ. ಭಯಕ್ಕೆಂದು ಒಂದು ಚಮಚ ಬೇಕಿಂಗ್ ಪೌಡರ್ ಸೇರಿಸಿದವರಿಗೂ ಇದೇ ಗತಿ: ಗೋಡೆ ತಾಳಲಾರದಷ್ಟು ಅನಿಲ ಹುಟ್ಟಿ, ಗಟ್ಟಿಯಾಗುವ ಮೊದಲೇ ಎಲ್ಲವೂ ಒಡೆಯುತ್ತದೆ. ಸಕ್ಕರೆಯನ್ನು ಕಣ್ಣಳತೆಯಲ್ಲಿ ಹೆಚ್ಚಿಸಿದರೂ ಗೋಡೆ ನಿಲ್ಲುವುದು ತಡವಾಗುತ್ತದೆ.

ಹೊರಗೆ ತೆಗೆದ ಐದು ಹತ್ತು ನಿಮಿಷಗಳಲ್ಲಿ ನಡುಭಾಗ ಮಾತ್ರ ಬಟ್ಟಲಿನಂತೆ ತಗ್ಗಿದರೆ ಅದು ಬೇಯದ ಕೇಕ್. ಕತ್ತರಿಸಿದಾಗ ತಗ್ಗಿನ ಕೆಳಗೆ ಒದ್ದೆಯಾದ, ಹಳದಿ ಬಣ್ಣದ, ಒತ್ತೊತ್ತಾದ ಭಾಗ ಕಾಣಿಸುತ್ತದೆ. ಇದಕ್ಕೆ ನೊರೆಯನ್ನಾಗಲಿ ಮೈದಾವನ್ನಾಗಲಿ ಬದಲಿಸಬೇಕಿಲ್ಲ. ಬಿಸಿ ಮತ್ತು ಸಮಯವನ್ನು ಸರಿಪಡಿಸಬೇಕು.

ನಡುಭಾಗವಷ್ಟೇ ಅಲ್ಲದೆ ಇಡೀ ಕೇಕ್ ಸಮನಾಗಿ ಅರ್ಧದಿಂದ ಒಂದು ಸೆಂಟಿಮೀಟರ್ ಇಳಿದು ಮೇಲ್ಮೈ ಸ್ವಲ್ಪ ಸುಕ್ಕುಗಟ್ಟಿದರೆ ಅದು ತಣ್ಣಗಾಗುವಾಗಿನ ಸಹಜ ಕುಗ್ಗುವಿಕೆ. ಒಳಗೆ ಎಲ್ಲೆಡೆ ಒಂದೇ ರೀತಿಯ ಸಣ್ಣ ರಂಧ್ರಗಳಿದ್ದರೆ ಚಿಂತಿಸಬೇಕಾದದ್ದಿಲ್ಲ.

ಒಂದು ಉದಾಹರಣೆಯೊಂದಿಗೆ ವಿವರಿಸಬಹುದೇ?

ನನ್ನ ಅಡುಗೆಮನೆಯದ್ದೇ ಇದೆ. ಮೇಲೆ ಹೇಳಿದ ಅಳತೆಯ ಕೇಕನ್ನು ಚಿಕ್ಕ ಒವನ್ ಒಂದರಲ್ಲಿ, ನಡುವಿನ ಮಟ್ಟದಲ್ಲಿ, ಗುಬ್ಬಿಯನ್ನು 170ಕ್ಕೆ ತಿರುಗಿಸಿ, ಎರಡೂ ರಾಡ್ ಹಚ್ಚಿ ಇಟ್ಟಿದ್ದೆ. 18ನೆಯ ನಿಮಿಷಕ್ಕೆ ಮೇಲ್ಭಾಗ ಹೊಂಬಣ್ಣಕ್ಕೆ ಬಂದಿತು, 24ಕ್ಕೆ ಕಂದಾಯಿತು. ಸೀದುಹೋದೀತೆಂದು ಹೆದರಿ 26ನೆಯ ನಿಮಿಷಕ್ಕೆ ಕಡ್ಡಿ ಚುಚ್ಚಿದೆ, ಸ್ವಚ್ಛವಾಗಿ ಬಂದಿತು. ಹೊರಗೆ ತೆಗೆದ ಕೇಕ್ ಹತ್ತು ನಿಮಿಷಗಳೊಳಗೆ ನಡುವಿನಲ್ಲಿ ಎರಡು ಸೆಂಟಿಮೀಟರ್ ತಗ್ಗಿತು. ಕತ್ತರಿಸಿದಾಗ ಅಂಚುಗಳು ಹದವಾಗಿ ಬೆಂದಿದ್ದವು, ತಳವೂ ಚೆನ್ನಾಗಿತ್ತು. ನಡುವೆ ಮಾತ್ರ ಅಂಟಾದ ಒಂದು ತುಂಡು ಉಳಿದಿತ್ತು.

ನೊರೆಯಲ್ಲಿ ದೋಷವಿದ್ದರೆ ಅಂಚುಗಳೂ ಕೆಡಬೇಕಿತ್ತು, ಹಾಗಾಗಿ ಅನುಮಾನ ಉರಿಯ ಮೇಲೆಯೇ ಹೋಯಿತು. ಮರುದಿನ ಖಾಲಿ ಒವನ್‌ನಲ್ಲಿ, ಕೇಕಿನ ಮೇಲ್ಮೈ ಇದ್ದ ಎತ್ತರಕ್ಕೆ ಥರ್ಮಾಮೀಟರ್ ಇಟ್ಟು ನೋಡಿದೆ. ಗುಬ್ಬಿ 170ರಲ್ಲಿದ್ದಾಗ ಅದು 195ನ್ನು ತೋರಿಸಿತು. ಬಣ್ಣ ಬೇಗ ಬಂದದ್ದಕ್ಕೂ, ಆ ಬಣ್ಣವನ್ನು ಕಂಡು ನಾನು ಆರೇಳು ನಿಮಿಷ ಮೊದಲೇ ತೆಗೆದದ್ದಕ್ಕೂ ಕಾರಣ ಅದೇ. ಎರಡನೆಯ ಸಲ ಅಳತೆಯಲ್ಲಿ ಏನನ್ನೂ ಬದಲಿಸದೆ, ಜಾಲರಿಯನ್ನು ಒಂದು ಹಂತ ಇಳಿಸಿ, ಗುಬ್ಬಿಯನ್ನು 150ಕ್ಕೆ ತಂದು, ಮೊದಲ 20 ನಿಮಿಷ ಕೆಳಗಿನ ರಾಡ್ ಮಾತ್ರ ಹಚ್ಚಿದೆ. ಬಣ್ಣ 28ನೆಯ ನಿಮಿಷದವರೆಗೂ ಸರಿಯಾಗಿ ಬರಲಿಲ್ಲ. 30ಕ್ಕೆ ಕಡ್ಡಿ ಸ್ವಚ್ಛವಾಗಿ ಬಂದಿತಾದರೂ ಬೆರಳಿನ ಗುರುತು ಉಳಿಯಿತು; 34ಕ್ಕೆ ಒತ್ತಿದ ಜಾಗ ಪುಟಿದೆದ್ದಿತು, ನಡುವಿನ ಬಿಸಿ 97 ಇತ್ತು. ಆ ಕೇಕ್ ಮಟ್ಟಸವಾಗಿ ನಿಂತಿತು. ಕಡ್ಡಿಗೂ ಬೆರಳಿಗೂ ನಡುವಿನ ಆ ನಾಲ್ಕು ನಿಮಿಷಗಳಲ್ಲಿಯೇ ಮೊದಲ ಕೇಕ್ ಸೋತದ್ದು.

ಒವನ್‌ನಿಂದ ತೆಗೆದ ಕೂಡಲೇ ಟಿನ್ನನ್ನು ನೆಲಕ್ಕೆ ಕುಕ್ಕಬೇಕು ಎನ್ನುತ್ತಾರೆ. ಅದು ಸರಿಯೇ?

ಸರಿ, ಕೇಕ್ ಪೂರ್ತಿ ಬೆಂದಿದ್ದರೆ ಮಾತ್ರ. 15ರಿಂದ 20 ಸೆಂಟಿಮೀಟರ್ ಎತ್ತರದಿಂದ ಮಡಿಸಿದ ಬಟ್ಟೆಯ ಮೇಲೆ ಟಿನ್ನನ್ನು ಮಟ್ಟಸವಾಗಿ ಒಮ್ಮೆ ಬೀಳಿಸಿದರೆ, ಇನ್ನೂ ಮುಚ್ಚಿಕೊಂಡಿರುವ ಗುಳ್ಳೆಗಳ ಗೋಡೆ ಹರಿದು ಒಳಗಿನ ಹಬೆ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ, ಕುಗ್ಗುವಿಕೆ ಕಡಿಮೆಯಾಗುತ್ತದೆ. ಅರೆಬೆಂದ ಕೇಕನ್ನು ಹೀಗೆ ಬೀಳಿಸಿದರೆ ಕುಸಿತ ಅಲ್ಲಿಯೇ, ಕಣ್ಣೆದುರಿಗೇ ಮುಗಿಯುತ್ತದೆ. ಬಳಿಕ ಕೇಕನ್ನು ಟಿನ್ನಿನೊಳಗೇ ತಣಿಯಲು ಬಿಡದೆ, ಐದು ನಿಮಿಷದೊಳಗೆ ಬಿಡಿಸಿ ತಂತಿಯ ಜಾಲರಿಯ ಮೇಲೆ ಬೋರಲಾಗಿ ಇಡಬೇಕು. ಟಿನ್ನಿನಲ್ಲೇ ಉಳಿದರೆ ಹಬೆ ಗೋಡೆಗೆ ತಾಗಿ ನೀರಾಗುತ್ತದೆ. ಪಕ್ಕಗಳು ಒದ್ದೆಯಾಗಿ ಸೊಂಟದಂತೆ ಒಳಕ್ಕೆ ಬಾಗುತ್ತವೆ.

ಕೇಕ್ ಕುಸಿದಿಲ್ಲ, ಆದರೆ ತಳದಲ್ಲಿ ರಬ್ಬರಿನಂತಹ ಗಟ್ಟಿ ಪದರವಿದೆ. ಕೆಳಗಿನ ಉರಿ ಸಾಲಲಿಲ್ಲವೇ?

ಸಾಮಾನ್ಯವಾಗಿ ಉರಿಯ ತಪ್ಪಲ್ಲ. ಬೆಣ್ಣೆ ಅಥವಾ ಮೈದಾ ಸರಿಯಾಗಿ ಬೆರೆಯದೆ ತಳಕ್ಕೆ ಇಳಿದಿದೆ. ಕರಗಿದ ಬೆಣ್ಣೆಯನ್ನು ನೇರವಾಗಿ ಸುರಿದರೆ ಅದು ನೊರೆಯನ್ನು ಸೀಳಿಕೊಂಡು ಕೆಳಗೆ ಹೋಗುತ್ತದೆ. ಅದು ಬೆಚ್ಚಗಿರುವಾಗಲೇ ಎರಡು ದೊಡ್ಡ ಚಮಚ ನೊರೆಯನ್ನು ಅದಕ್ಕೇ ಹಾಕಿ ಕಲಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಬೇಕು. ಮಗುಚುವಾಗ ಚಮಚ ಪ್ರತಿ ಸಲವೂ ಪಾತ್ರೆಯ ತಳ ಮುಟ್ಟಬೇಕು. ತಳ ಗಟ್ಟಿಯಾಗಿರದೆ ಮೇಲಕ್ಕೆ ಗುಳಿ ಬಿದ್ದಿದ್ದರೆ ಮಾತ್ರ ಕೆಳಗಿನ ಉರಿಯನ್ನು ಅನುಮಾನಿಸಬೇಕು, ಅದೂ ಹೆಚ್ಚಾಯಿತೆಂದು.

ಕುಸಿದ ಕೇಕನ್ನು ಮತ್ತೆ ಒವನ್‌ಗೆ ಇಟ್ಟರೆ ಎದ್ದೀತೇ?

ತೆಗೆದು ಒಂದೆರಡು ನಿಮಿಷವಷ್ಟೇ ಆಗಿದ್ದು, ನಡುಭಾಗ ಇನ್ನೂ ತಗ್ಗದೆ ಬರಿದೆ ಅಲುಗುತ್ತಿದ್ದರೆ, ಕೂಡಲೇ ಹಿಂದಿರುಗಿಸಿ ಐದಾರು ನಿಮಿಷ ಬೇಯಿಸಬಹುದು. ಒಮ್ಮೆ ತಗ್ಗಿದ ಮೇಲೆ ಗುಳ್ಳೆಗಳು ಉಳಿದಿರುವುದಿಲ್ಲ. ಬಿಸಿ ಮಾಡಿದರೆ ಹಸಿ ಭಾಗ ಬೇಯುತ್ತದೆಯೇ ಹೊರತು ಏಳುವುದಿಲ್ಲ. ಅಂಟಾದ ನಡುಭಾಗವನ್ನು ಕತ್ತರಿಸಿ ತೆಗೆದು, ಬೆಂದ ಅಂಚುಗಳನ್ನು ತುಂಡುಮಾಡಿ, 120 ಡಿಗ್ರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿಟ್ಟುಕೊಂಡರೆ ಬಿಸ್ಕತ್ತಿನಂತೆ ತಿನ್ನಬಹುದು. ಮೊದಲ ಸಲದ ನನ್ನ ಕೇಕಿನ ಅಂಚುಗಳು ಹಾಗೆಯೇ ಖರ್ಚಾದವು.